ಎಬಿಟ್ಡಾ ಒಂದು ಕೋಟಿ ಇದ್ದರೂ ಬ್ಯಾಂಕಿನವರು ಯಾಕೆ ಹಿಂದೆಮುಂದೆ ನೋಡುತ್ತಾರೆ?

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. ಕಳೆದ ವರ್ಷದ ಎಬಿಟ್ಡಾ 1 ಕೋಟಿ. ಮಿಲ್ಲಿಗೆ ಬೆಲೆ ಕಟ್ಟಲು ಬಂದ ವಿಶ್ಲೇಷಕರು ಅದನ್ನು ನೋಡಿ ಮೆಚ್ಚಿದರು. ಬ್ಯಾಂಕಿನವರು ಮಾತ್ರ ಹೊಸ ಸಾಲಕ್ಕೆ ಒಪ್ಪುತ್ತಿಲ್ಲ. ಯಾರ ಲೆಕ್ಕ ಸರಿ?

ಉತ್ತರ: ಇಬ್ಬರ ಲೆಕ್ಕವೂ ಸರಿಯೇ, ಅವರು ಕೇಳುತ್ತಿರುವ ಪ್ರಶ್ನೆ ಬೇರೆ ಬೇರೆ. ನಿವ್ವಳ ಲಾಭಕ್ಕೆ ತೆರಿಗೆ, ಬಡ್ಡಿ, ಸವಕಳಿ ಇವನ್ನು ವಾಪಸ್ ಕೂಡಿಸಿದರೆ ಬರುವುದೇ ಎಬಿಟ್ಡಾ. ನಿಮ್ಮಂಥ ಮಿಲ್ಲಿನ ಲೆಕ್ಕ ಹೀಗಿದೆ ಎಂದುಕೊಳ್ಳಿ: ನಿವ್ವಳ ಲಾಭ 20 ಲಕ್ಷ, ತೆರಿಗೆ 7, ಬಡ್ಡಿ 33, ಸವಕಳಿ 40. ಒಟ್ಟು 100 ಲಕ್ಷ.

ವಿಶ್ಲೇಷಕರಿಗೆ ಈ ಅಂಕಿ ಬೇಕಾಗುವುದು ಹೋಲಿಕೆಗೆ. ಪಕ್ಕದೂರಿನ ಮಿಲ್ ಇಪ್ಪತ್ತು ವರ್ಷ ಹಳೆಯದು, ಯಂತ್ರಗಳ ಸವಕಳಿ ಮುಗಿದಿದೆ, ಸಾಲವೂ ಇಲ್ಲ ಎನ್ನೋಣ. ಅದರ ನಿವ್ವಳ ಲಾಭ ನಿಮ್ಮದಕ್ಕಿಂತ ಬಹಳ ಹೆಚ್ಚು ಕಾಣುತ್ತದೆ. ಹಾಗೆಂದು ಅವರು ಭತ್ತ ಕೊಂಡು ಅಕ್ಕಿ ಮಾರುವುದರಲ್ಲಿ ನಿಮಗಿಂತ ಜಾಣರು ಎನ್ನುವಂತಿಲ್ಲ. ಸಾಲ ಯಾರದು, ಸವಕಳಿ ಯಾವ ದರದಲ್ಲಿ ಎಂಬುದನ್ನು ಬದಿಗಿಟ್ಟು ಬರೀ ವ್ಯಾಪಾರದ ಗಳಿಕೆ ನೋಡಲು ಎಬಿಟ್ಡಾ ಒಳ್ಳೆಯ ಅಳತೆ. ಮಿಲ್ ಕೊಳ್ಳುವವರು ಸಾಲದ ವ್ಯವಸ್ಥೆಯನ್ನು ಹೇಗೂ ಹೊಸದಾಗಿ ಮಾಡಿಕೊಳ್ಳುತ್ತಾರೆ.

ಸಾಲ ಕೊಡುವವರಿಗೆ ಬೇಕಿರುವುದು ಕಂತು ಕಟ್ಟುವ ದಿನ ಕೈಯಲ್ಲಿರುವ ನಗದು. ಆ 100 ಲಕ್ಷ ಎಲ್ಲಿ ಹೋಯಿತು ನೋಡಿ. ಬಡ್ಡಿಗೆ 33, ತೆರಿಗೆಗೆ 7, ಟರ್ಮ್ ಲೋನಿನ ಅಸಲಿಗೆ 30. ಉಳಿದದ್ದು 30 ಲಕ್ಷ. ಹಳೆಯ ಕಲರ್ ಸಾರ್ಟರ್ ಕಪ್ಪು ಕಾಳು ಬಿಡತೊಡಗಿದ್ದರಿಂದ ಅದನ್ನು ಬದಲಿಸಲು ಸ್ವಂತ ಹಣ 15 ಲಕ್ಷ ಹಾಕಿದ್ದೀರಿ. ಸುಗ್ಗಿಯಲ್ಲಿ ಹೆಚ್ಚು ಭತ್ತ ಕೊಂಡಿರಿ, ಅಕ್ಕಿ ವ್ಯಾಪಾರಿಗಳ ಬಾಕಿಯೂ ಬೆಳೆಯಿತು. ದಾಸ್ತಾನು, ಬಾಕಿಗಳ ಮೇಲೆ ಬ್ಯಾಂಕು ಕೊಡುವ ಓಸಿಸಿ ಸಾಲದಿಂದ ಬಂದದ್ದು ಕಳೆದರೂ ನಿಮ್ಮ ಕೈಯಿಂದಲೇ 25 ಲಕ್ಷ ಅದರಲ್ಲಿ ಸಿಕ್ಕಿಕೊಂಡಿದೆ. ಕೊನೆಗೆ 10 ಲಕ್ಷ ಕೊರತೆ. ಒಂದು ಕೋಟಿ ಗಳಿಸಿದ ವರ್ಷವೇ ಕೈಸಾಲ ಮಾಡಬೇಕಾಗಿ ಬರುವುದು ಹೀಗೆ.

ಸಾಲದ ಕಂತು ಕಟ್ಟುವ ಶಕ್ತಿ ಎಷ್ಟಿದೆ ಎಂದು ನೋಡಲು ಬ್ಯಾಂಕಿನವರು ಡಿಎಸ್‌ಸಿಆರ್ ಎಂಬ ಅನುಪಾತವನ್ನು ಲೆಕ್ಕ ಹಾಕುತ್ತಾರೆ. ನಿವ್ವಳ ಲಾಭ, ಸವಕಳಿ, ಟರ್ಮ್ ಲೋನಿನ ಬಡ್ಡಿ ಕೂಡಿಸಿ, ಅದನ್ನು ಅದೇ ಬಡ್ಡಿ ಮತ್ತು ಅಸಲಿನ ಮೊತ್ತದಿಂದ ಭಾಗಿಸುವುದು. 33ರಲ್ಲಿ ಟರ್ಮ್ ಲೋನಿನ ಬಡ್ಡಿ 15 ಲಕ್ಷವಾದರೆ 75 ÷ 45, ಅಂದರೆ 1.67. ಇದು ಚೆನ್ನಾಗಿಯೇ ಇದೆ. ಆದರೆ ಅನುಭವಿ ಅಧಿಕಾರಿ ಅಲ್ಲಿಗೇ ನಿಲ್ಲುವುದಿಲ್ಲ. ಸಾರ್ಟರಿನ 15, ಸ್ಟಾಕು–ಬಾಕಿಯ 25 ಎರಡನ್ನೂ 75ರಿಂದ ಕಳೆದರೆ ಉಳಿಯುವುದು 35. ಅನುಪಾತ 0.78ಕ್ಕೆ ಇಳಿಯುತ್ತದೆ, ಅಂದರೆ ಕಂತು ಕಟ್ಟುವಷ್ಟೂ ನಗದಿಲ್ಲ. ನಿಮ್ಮ ಅರ್ಜಿ ನಿಂತಿರುವುದು ಬಹುಶಃ ಇಲ್ಲೇ.

ಹಾಗಂತ ಬ್ಯಾಂಕುಗಳು ಎಬಿಟ್ಡಾವನ್ನು ತಳ್ಳಿಹಾಕುವುದಿಲ್ಲ. ಕೋವಿಡ್ ಕಾಲದ ಸಾಲಗಳ ಪುನರ್‌ರಚನೆಗೆ ರಿಸರ್ವ್ ಬ್ಯಾಂಕ್ 2020ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಐದು ಅನುಪಾತಗಳಲ್ಲಿ ಒಟ್ಟು ಸಾಲ ಎಬಿಟ್ಡಾದ ಎಷ್ಟು ಪಟ್ಟು ಎಂಬುದೂ ಒಂದು. ಪಕ್ಕದಲ್ಲೇ ಡಿಎಸ್‌ಸಿಆರ್ ಕೂಡ ಇತ್ತು. ನಮ್ಮ ಅಭಿಪ್ರಾಯದಲ್ಲಿ ಈ ಜೋಡಿಯೇ ಸರಿ. ಯಂತ್ರ ಸವೆಯುವ, ದಾಸ್ತಾನು ಕಟ್ಟಿಡಬೇಕಾದ ರೈಸ್ ಮಿಲ್ಲಿನಂಥ ಉದ್ಯಮದಲ್ಲಿ ಎಬಿಟ್ಡಾ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಸವಕಳಿ ಎಂಬುದು ಬರೀ ಪುಸ್ತಕದ ಖರ್ಚಲ್ಲ, ಮುಂದೆ ಸಾರ್ಟರಿಗೆ ಕೊಡಬೇಕಾದ ದುಡ್ಡು.

ಇನ್ನೊಂದು ಅನುಮಾನವೂ ಬ್ಯಾಂಕಿನವರಿಗಿರುತ್ತದೆ. ಹಲ್ಲರಿನ ರಬ್ಬರ್ ರೋಲ್ ಒಂದು ಹಂಗಾಮೂ ಬಾಳುವುದಿಲ್ಲ, ಅದು ಆ ವರ್ಷದ ಖರ್ಚು. ವರ್ಷಕ್ಕೆ 8 ಲಕ್ಷದ ರೋಲನ್ನು ಯಂತ್ರದ ಖಾತೆಗೆ ಬರೆದುಬಿಟ್ಟರೆ ಎಬಿಟ್ಡಾ 108 ಆಗುತ್ತದೆ, ಪೆಟ್ಟಿಗೆಗೆ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಅಮೆರಿಕದ ವರ್ಲ್ಡ್‌ಕಾಮ್ ಮಾಡಿದ್ದು ಇದನ್ನೇ: ಬೇರೆ ಕಂಪನಿಗಳ ದೂರಸಂಪರ್ಕ ಜಾಲ ಬಳಸಿದ್ದಕ್ಕೆ ಕೊಟ್ಟ ಬಾಡಿಗೆಯನ್ನು ಆಸ್ತಿಯೆಂದು ತೋರಿಸಿತ್ತು. 2002ರ ಜೂನಿನಲ್ಲಿ ಮೊದಲು ಹೊರಬಿದ್ದ ಮೊತ್ತವೇ ಸುಮಾರು 380 ಕೋಟಿ ಡಾಲರ್.

ಮತ್ತೆ ಬ್ಯಾಂಕಿಗೆ ಹೋಗುವ ಮೊದಲು ಆಡಿಟರ ಬಳಿ ಮೂರು ವರ್ಷದ ಎಬಿಟ್ಡಾವನ್ನೂ, ಕ್ಯಾಶ್ ಫ್ಲೋ ಪಟ್ಟಿಯಲ್ಲಿರುವ ವ್ಯವಹಾರದ ನಗದನ್ನೂ ಅಕ್ಕಪಕ್ಕ ಬರೆಸಿ. ಮೊದಲನೆಯದು ಏರುತ್ತಾ ಎರಡನೆಯದು ಏರದಿದ್ದರೆ, ಅಥವಾ ಸುಗ್ಗಿ ಮುಗಿದು ಅಕ್ಕಿ ಮಾರಾಟವಾದ ಮೇಲೂ ಓಸಿಸಿ ಖಾತೆ ಮಿತಿಗೆ ತಾಗಿಯೇ ನಿಂತಿದ್ದರೆ, ದುಡ್ಡು ಗೋದಾಮಿನಲ್ಲೋ ವ್ಯಾಪಾರಿಗಳ ಬಳಿಯೋ ಇದೆ ಎಂದರ್ಥ. 90 ದಿನ ದಾಟಿದ ಬಾಕಿಗಳ ಪಟ್ಟಿ ಮಾಡಿ, ಯಾವುದು ಯಾವಾಗ ಬರುತ್ತದೆಂದು ಅರ್ಜಿಯ ಜೊತೆಗೇ ಕೊಡಿ. ಆ 25 ಲಕ್ಷದಲ್ಲಿ 15 ಲಕ್ಷ ವಾಪಸ್ ಬರುವುದು ಖಚಿತವೆಂದು ತೋರಿಸಿದರೆ ಮೇಲಿನ 0.78 ಅನುಪಾತ 1.11 ಆಗುತ್ತದೆ.