ಇನ್ಹೇಲರ್‌ಗೆ ಹೆದರಿ ಮಾತ್ರೆ ನುಂಗಿಸಿದರೆ

ಉಬ್ಬಸದ ಮಗುವಿಗೆ ಇನ್ಹೇಲರ್ ಬರೆದುಕೊಟ್ಟ ತಕ್ಷಣ ಬರುವ ಪ್ರಶ್ನೆ, 'ಡಾಕ್ಟ್ರೇ, ಸ್ಟೀರಾಯ್ಡ್ ಅಲ್ವಾ, ಮಗು ಕುಳ್ಳಗಾಗಲ್ವಾ?' ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಭಯದಲ್ಲಿ ಕೆಲವರು ಇನ್ಹೇಲರ್ ಬದಿಗಿಟ್ಟು, ಕೆಮ್ಮು ಜಾಸ್ತಿಯಾದಾಗಲೆಲ್ಲ ಹಳೇ ಚೀಟಿ ತೋರಿಸಿ ಅಂಗಡಿಯಿಂದ ಮಾತ್ರೆ ತಂದು ಕೊಡುತ್ತಾರೆ. ಅದೂ ಸ್ಟೀರಾಯ್ಡೇ, ಅದೂ ಎಷ್ಟೋ ಪಟ್ಟು ಜಾಸ್ತಿ.

ಲೆಕ್ಕ ನೋಡಿ. 20 ಕೆಜಿ ಮಗುವಿಗೆ ಇನ್ಹೇಲರ್‌ನಲ್ಲಿ ದಿನಕ್ಕೆ ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್ 200 ಮೈಕ್ರೋಗ್ರಾಂ ಕೊಡ್ತೀವಿ ಅಂತಿಟ್ಟುಕೊಳ್ಳಿ. ಅದೇ ಮಗುವಿಗೆ ಪ್ರೆಡ್ನಿಸೊಲೋನ್ ಮಾತ್ರೆಯಾದರೆ ದಿನಕ್ಕೆ 20 ಮಿಲಿಗ್ರಾಂ, ಅಂದರೆ 20,000 ಮೈಕ್ರೋಗ್ರಾಂ. ಎರಡೂ ಔಷಧಿಯ ಶಕ್ತಿ ಒಂದೇ ಅಲ್ಲ, ಹಾಗಾಗಿ ಸುಮ್ನೆ ನೂರು ಪಟ್ಟು ಅನ್ನೋದು ತಪ್ಪಾಗುತ್ತದೆ. ಆದರೆ ಇನ್ಹೇಲರ್‌ನಿಂದ ಗಂಟಲಿಗಿಳಿದು ಹೊಟ್ಟೆ ಸೇರಿದ ಬ್ಯುಡೆಸೊನೈಡನ್ನು ಪಿತ್ತಜನಕಾಂಗವೇ ಬಹುಪಾಲು ಮುಗಿಸಿಬಿಡುತ್ತದೆ. ಮಾತ್ರೆ ಹಾಗಲ್ಲ, ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರಿ, ಮೂಳೆಯ ತುದಿಯಲ್ಲಿ ಉದ್ದ ಬೆಳೆಸುವ ಮೆತ್ತನೆಯ ಪದರವನ್ನು ಮುಟ್ಟಿ ಅಲ್ಲಿನ ಕೋಶಗಳ ಬೆಳವಣಿಗೆಯನ್ನು ತಗ್ಗಿಸುತ್ತದೆ.

ಹಾಗಂತ ಇನ್ಹೇಲರ್‌ನಿಂದ ಏನೂ ಆಗೋದೇ ಇಲ್ಲವಾ? ಸ್ವಲ್ಪ ಆಗುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ ಬ್ಯುಡೆಸೊನೈಡನ್ನು ನಾಲ್ಕರಿಂದ ಆರು ವರ್ಷ ತೆಗೆದುಕೊಂಡ ಮಕ್ಕಳನ್ನು ದೊಡ್ಡವರಾಗುವವರೆಗೂ ಅಳೆದು ನೋಡಿದರು. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ, ಔಷಧಿ ಇಲ್ಲದ ಇನ್ಹೇಲರ್ ಬಳಸಿದವರಿಗಿಂತ ಅವರ ಎತ್ತರ ಸರಾಸರಿ 1.2 ಸೆಂ.ಮೀ. ಕಡಿಮೆ. ವ್ಯತ್ಯಾಸ ಆಗಿದ್ದು ಮೊದಲ ಒಂದೆರಡು ವರ್ಷದಲ್ಲಿ, ಆಮೇಲೆ ವರ್ಷವರ್ಷ ಕೂಡಿಕೊಂಡು ಹೋಗಲಿಲ್ಲ. ಉಸಿರು ಹಿಡಿದು ರಾತ್ರಿಯಿಡೀ ಎದ್ದು ಕೂರುವ, ಹತೋಟಿಗೆ ಬಾರದ ಉಬ್ಬಸವೂ ಬೆಳವಣಿಗೆಯನ್ನು ಹಿಂದಕ್ಕೆಳೆಯುತ್ತದೆ, ಅದನ್ನೂ ತೂಗಬೇಕು.

ಮಾತ್ರೆಯ ದಾರಿ ಹಿಡಿದವರಲ್ಲಿ ಏನಾಗುತ್ತದೆ ಅನ್ನೋದಕ್ಕೆ ಎಂಟು ವರ್ಷದ ಹುಡುಗನೊಬ್ಬ. ತಿಂಗಳಲ್ಲಿ ಅರ್ಧದಷ್ಟು ದಿನಗಳು ಮಾತ್ರೆ. ಅಮ್ಮ ಹೇಳಿದ್ದು, 'ಸ್ಕೂಲ್ ಪ್ಯಾಂಟ್ ಉದ್ದ ಹೋದ ವರ್ಷದ್ದೇ ಸರಿಯಾಗಿದೆ ಸರ್, ಸೊಂಟ ಮಾತ್ರ ಹಿಡೀತಿಲ್ಲ.' ಕೆನ್ನೆ ಉಬ್ಬಿತ್ತು. ವರ್ಷದಲ್ಲಿ ತೂಕ 6 ಕೆಜಿ ಏರಿತ್ತು, ಎತ್ತರ ಬರೀ 2.5 ಸೆಂ.ಮೀ. ಈ ವಯಸ್ಸಿಗೆ ಐದಾರು ಸೆಂ.ಮೀ. ಆಗಬೇಕಿತ್ತು. ಸುಮ್ನೆ ತಿಂದು ದಪ್ಪಗಾಗುವ ಮಕ್ಕಳ ಎತ್ತರ ಸಾಮಾನ್ಯವಾಗಿ ನಿಲ್ಲೋದಿಲ್ಲ. ತೂಕ ಏರಿ ಎತ್ತರ ನಿಂತರೆ ಅನುಮಾನ ಪಡಬೇಕು.

ಅವನಿಗೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕರೆ ದೇಹ ತನ್ನದನ್ನು ತಯಾರಿಸೋದನ್ನು ಕಡಿಮೆ ಮಾಡಿರುತ್ತದೆ, ದಿಢೀರನೆ ಬಿಟ್ಟರೆ ಜ್ವರವೋ ವಾಂತಿಯೋ ಬಂದಾಗ ಮಗು ಕುಸಿದುಬೀಳಬಹುದು. ವಾರಗಟ್ಟಲೆ ತಗ್ಗಿಸುತ್ತಾ, ಬಾಯಿಗೂ ಇನ್ಹೇಲರ್‌ಗೂ ನಡುವೆ ಸಿಕ್ಕಿಸುವ ಸ್ಪೇಸರ್ ಅನ್ನೋ ಕೊಳವೆ ಹಾಕಿ ಇನ್ಹೇಲರ್ ಶುರುಮಾಡಿದೆವು. ಮುಂದಿನ ವರ್ಷ 7 ಸೆಂ.ಮೀ. ಬೆಳೆದ. ಮೂಳೆಯ ಪದರ ಮುಚ್ಚುವ ಮೊದಲೇ ಔಷಧಿ ತಗ್ಗಿದರೆ ಹೀಗೆ ಸ್ವಲ್ಪ ಕೂಡಿಕೊಳ್ಳುತ್ತದೆ, ಎಲ್ಲರಲ್ಲೂ ಪೂರ್ತಿ ಅಲ್ಲ.

ಉಬ್ಬಸ ಜೋರಾದಾಗ ಡಾಕ್ಟರು ಮೂರರಿಂದ ಐದು ದಿನಕ್ಕೆ ಬರೆಯುವ ಮಾತ್ರೆಗೆ ಹೆದರಬೇಡಿ, ಅದನ್ನು ಕೊಡಲೇಬೇಕು. ಆದರೆ ವರ್ಷದಲ್ಲಿ ಮತ್ತೆ ಮತ್ತೆ ಬೇಕಾಗುತ್ತಿದ್ದರೆ ಇನ್ಹೇಲರ್ ಸರಿಯಾಗಿ ಎಳೆಯುತ್ತಿಲ್ಲ ಅಂತಲೋ, ದಿನಾ ತೆಗೆದುಕೊಳ್ಳುತ್ತಿಲ್ಲ ಅಂತಲೋ ಇರಬಹುದು, ಮುಂದಿನ ಸಲ ಬರುವಾಗ ಇನ್ಹೇಲರ್, ಸ್ಪೇಸರ್ ಎರಡೂ ಜೊತೆಗೇ ತನ್ನಿ. ಎತ್ತರವನ್ನು ಮೂರರಿಂದ ಆರು ತಿಂಗಳಿಗೊಮ್ಮೆ, ಚಪ್ಪಲಿ ಬಿಡಿಸಿ, ಒಂದೇ ಕಡೆ ಅಳೆಸಿ ಬರೆದಿಟ್ಟುಕೊಳ್ಳಿ. ಮೂರು ತಿಂಗಳು ಉಬ್ಬಸ ಹತೋಟಿಯಲ್ಲಿದ್ದರೆ ಡೋಸ್ ಇಳಿಸಬಹುದಾ ಅಂತ ನೀವೇ ಕೇಳಿ.