ಒಂದು ಲಕ್ಷದ ಷೇರು ದೊಡ್ಡದಾ, ಸಾವಿರದ ಮುನ್ನೂರರದ್ದಾ?

ಓದುಗರ ಪ್ರಶ್ನೆ: ಎಂಆರ್‌ಎಫ್ ಷೇರು ಒಂದಕ್ಕೆ ಲಕ್ಷ ದಾಟಿದೆ, ಇನ್ಫೋಸಿಸ್ ಸಾವಿರ ಚಿಲ್ಲರೆಗೆ ಸಿಗುತ್ತದೆ. ಹಾಗಾದ್ರೆ ಎಂಆರ್‌ಎಫ್ ದೊಡ್ಡ ಕಂಪನಿ ಅಲ್ವಾ?

ಅಲ್ಲ. ಒಂದು ತೊಳೆಯ ರೇಟು ಕೇಳಿ ಹಲಸಿನ ಹಣ್ಣು ಎಷ್ಟು ದೊಡ್ಡದು ಅಂತ ಹೇಳೋಕಾಗುತ್ತಾ? ತೊಳೆ ಎಷ್ಟಿವೆ ಅನ್ನೋದೂ ಬೇಕು. ಷೇರಿನ ಬೆಲೆಯನ್ನು ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಕಂಪನಿಯ ಮಾರುಕಟ್ಟೆ ಮೌಲ್ಯ, ಟೀವಿಯವರು ಹೇಳುವ ಮಾರ್ಕೆಟ್ ಕ್ಯಾಪ್.

2023ರ ಜೂನ್ 13ರಂದು ಎಂಆರ್‌ಎಫ್ ಷೇರು ಮೊದಲ ಸಲ ಲಕ್ಷ ಮುಟ್ಟಿತು. ಆದರೆ ಆ ಕಂಪನಿಯ ಒಟ್ಟು ಷೇರುಗಳೇ ಸುಮಾರು 42.4 ಲಕ್ಷ. ಲಕ್ಷದಿಂದ ಗುಣಿಸಿ: 42,400 ಕೋಟಿ ರೂಪಾಯಿ. ಆಗ ಇನ್ಫೋಸಿಸ್ 1,300 ರೂಪಾಯಿ ಆಸುಪಾಸಿನಲ್ಲಿತ್ತು, ಷೇರುಗಳು ಸುಮಾರು 415 ಕೋಟಿ. ಅದು 5.4 ಲಕ್ಷ ಕೋಟಿ ಆಗುತ್ತದೆ, ಹನ್ನೆರಡು ಪಟ್ಟಿಗೂ ಜಾಸ್ತಿ. ಎಂಆರ್‌ಎಫ್ ದಶಕಗಳಿಂದ ಷೇರುದಾರರಿಗೆ ಪುಕ್ಕಟೆ ಹೆಚ್ಚುವರಿ ಷೇರು, ಅಂದರೆ ಬೋನಸ್ ಷೇರು ಕೊಟ್ಟಿಲ್ಲ, ಇರುವ ಷೇರನ್ನು ಒಡೆದು ಸಣ್ಣದು ಮಾಡುವ ಸ್ಪ್ಲಿಟ್ಟೂ ಮಾಡಿಲ್ಲ, ಅದಕ್ಕೇ ಒಂದೊಂದು ತೊಳೆಯೂ ಅಷ್ಟು ದಪ್ಪ.

ಬೋನಸ್ ಅಂದಾಗ ನೆನಪಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್ ಒಂದಕ್ಕೆ ಒಂದು ಬೋನಸ್ ಕೊಟ್ಟಿತು. ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಭಾವನ ಫೋನು. "ಏನಯ್ಯಾ, ಇನ್ಫೋಸಿಸ್ ಮುಳುಗಿತಾ? ಆ್ಯಪ್‌ನಲ್ಲಿ ಅರ್ಧಕ್ಕರ್ಧ ಹೋಗಿದೆ!" ಹಿಂದಿನ ದಿನ 1,400 ದಾಟಿದ್ದ ಷೇರು ಆವತ್ತು 700ರ ಚಿಲ್ಲರೆ ತೋರಿಸುತ್ತಿತ್ತು. ಮುಳುಗಿರಲಿಲ್ಲ. 218 ಕೋಟಿ ಇದ್ದ ಷೇರು 436 ಕೋಟಿ ಆಗುವುದಿತ್ತು, ಅದಕ್ಕೆ ಬೆಲೆ ಅರ್ಧವಾಯಿತು, ಗುಣಾಕಾರದ ಉತ್ತರ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಬೆಲೆ ಅವತ್ತೇ ಇಳಿಯುತ್ತದೆ, ಹೊಸ ಷೇರು ಡಿಮ್ಯಾಟ್ ಖಾತೆಗೆ ಬರೋದಕ್ಕೆ ಆಗೆಲ್ಲ ಕೆಲವು ದಿನ ಹಿಡಿಯುತ್ತಿತ್ತು, ಆ ನಡುವಿನ ದಿನಗಳಲ್ಲಿ ಆ್ಯಪ್ ಸುಮ್ನೆ ಹೆದರಿಸುತ್ತಿತ್ತು.

ಸಂಖ್ಯೆ ಕಡಿಮೆಯೂ ಆಗಬಹುದು. 2017ರಲ್ಲಿ ಇದೇ ಇನ್ಫೋಸಿಸ್ ತನ್ನದೇ 11.3 ಕೋಟಿ ಷೇರುಗಳನ್ನು ತಲಾ 1,150 ರೂಪಾಯಿ ಕೊಟ್ಟು ಷೇರುದಾರರಿಂದ ವಾಪಸ್ ಕೊಂಡು ರದ್ದು ಮಾಡಿತು. ಇದೇ ಬೈಬ್ಯಾಕ್. ಷೇರು ಕಡಿಮೆಯಾಯ್ತಲ್ಲ, ಉಳಿದದ್ದರ ಬೆಲೆ ತಾನಾಗಿ ಏರಬೇಕು ಅಂತ ಹಲವರು ಲೆಕ್ಕ ಹಾಕುತ್ತಾರೆ. ಆದರೆ ಕಂಪನಿಯ ಗಲ್ಲಾಪೆಟ್ಟಿಗೆಯಿಂದ 13,000 ಕೋಟಿ ಹೊರಗೆ ಹೋಗಿದೆ ಅನ್ನೋದನ್ನು ಮರೆಯುತ್ತಾರೆ. ಹಣ್ಣೇ ಅಷ್ಟು ಸಣ್ಣದಾಗಿದೆ, ತೊಳೆಗಳೂ ಕಡಿಮೆಯಾಗಿವೆ. ಇನ್ನು ಉದ್ಯೋಗಿಗಳಿಗೆ ಷೇರು ಕೊಟ್ಟಾಗ ಸಂಖ್ಯೆ ಚೂರು ಏರುತ್ತದೆ, ಅದು ದೊಡ್ಡ ಕಂಪನಿಗಳಲ್ಲಿ ಲೆಕ್ಕಕ್ಕೆ ಬರುವಷ್ಟಿರೋದಿಲ್ಲ.

ಸಂಖ್ಯೆ ಹೀಗೆ ಅಪರೂಪಕ್ಕೆ ಬದಲಾಗುತ್ತದೆ, ದಿನಾ ಕುಣಿಯುವುದು ಬೆಲೆ. 2023ರ ಏಪ್ರಿಲ್‌ನಲ್ಲಿ ಇನ್ಫೋಸಿಸ್ ತ್ರೈಮಾಸಿಕ ಫಲಿತಾಂಶ ಕೊಟ್ಟಿತು, ಮುಂದಿನ ವರ್ಷದ ಬೆಳವಣಿಗೆಯ ಅಂದಾಜು ಮಾರುಕಟ್ಟೆ ಕಾದಿದ್ದಕ್ಕಿಂತ ಕಡಿಮೆ ಇತ್ತು, ಏಪ್ರಿಲ್ 17ರ ಸೋಮವಾರ ಷೇರು ಶೇ 9ಕ್ಕೂ ಹೆಚ್ಚು ಬಿತ್ತು. ಒಂದು ಷೇರಿಗೆ ಸುಮಾರು 130 ರೂಪಾಯಿ ಇಳಿತ, 415 ಕೋಟಿಯಿಂದ ಗುಣಿಸಿದರೆ ಹತ್ತಿರ ಹತ್ತಿರ 54,000 ಕೋಟಿ "ನಷ್ಟ". ಆ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಕೇಳಬೇಡಿ, ಯಾರ ಜೇಬಿಗೂ ಹೋಗಿಲ್ಲ. ಅವತ್ತು ಕೈ ಬದಲಾಯಿಸಿದ್ದು ಒಟ್ಟು ಷೇರಿನಲ್ಲಿ ಸಣ್ಣದೊಂದು ಪಾಲು. ಆದರೂ ಮಾರಿದವರು, ಕೊಂಡವರು ಒಪ್ಪಿದ ಬೆಲೆಯನ್ನೇ ಮಾರದೆ ಸುಮ್ಮನೆ ಕೂತವರ ಷೇರಿಗೂ ಹಚ್ಚಿ ಗುಣಿಸುತ್ತಾರೆ. ನಿಮ್ಮ ಬೀದಿಯಲ್ಲಿ ಒಂದು ಸೈಟು ಕಡಿಮೆಗೆ ಹೋದರೆ ಇಡೀ ಬೀದಿಯವರು ಬಡವರಾದಂತೆ ಅನ್ನಿಸೋದಿಲ್ವಾ, ಹಾಗೆ.

ಇದೇ ಕಾರಣಕ್ಕೆ 5.4 ಲಕ್ಷ ಕೋಟಿ ಹಿಡಿದುಕೊಂಡು ಹೋದರೆ ಇಡೀ ಕಂಪನಿ ಸಿಗುತ್ತದೆ ಅಂದುಕೊಳ್ಳಬೇಡಿ. ನೀವು ಕೊಳ್ಳೋಕೆ ಶುರು ಮಾಡಿದ ತಕ್ಷಣ ಬೆಲೆ ಏರುತ್ತದೆ. ಕಂಪನಿಗೆ ಸಾಲ ಎಷ್ಟಿದೆ, ಬ್ಯಾಂಕಿನಲ್ಲಿ ಎಷ್ಟಿದೆ ಅನ್ನೋದೂ ಈ ಸಂಖ್ಯೆಯನ್ನು ನೋಡಿದರೆ ಗೊತ್ತಾಗೋದಿಲ್ಲ.

ಮುಂದಿನ ಸಲ ಷೇರು ರಾತ್ರೋರಾತ್ರಿ ಅರ್ಧವಾದರೆ, ಮಾರ್ಕೆಟ್ ಕ್ಯಾಪ್ ಅನ್ನು ಆವತ್ತಿನ ಬೆಲೆಯಿಂದ ಭಾಗಿಸಿ ನೋಡಿ. ಷೇರಿನ ಸಂಖ್ಯೆ ದುಪ್ಪಟ್ಟಾಗಿದ್ದರೆ ಬೋನಸ್ಸೋ ಸ್ಪ್ಲಿಟ್ಟೋ ಆಗಿರುತ್ತದೆ. ಆ್ಯಪ್ ಹಳೇ ಸಂಖ್ಯೆಯನ್ನೇ ಇಟ್ಟುಕೊಂಡಿರೋದೂ ಉಂಟು, ಆದ್ದರಿಂದ ಕಂಪನಿ ಷೇರುಪೇಟೆಗೆ ಕೊಟ್ಟ ಪ್ರಕಟಣೆಯನ್ನೂ ಒಮ್ಮೆ ನೋಡಿ. ಭಾವನಿಗೂ ಇದನ್ನೇ ಹೇಳಿದ್ದೆ, ಆದರೆ ಅವರು ಅಷ್ಟರಲ್ಲಿ ಅರ್ಧ ಷೇರು ಮಾರಿಯಾಗಿತ್ತು.