ಹರಿಕಥೆ ಮೂರು ನಿಮಿಷಕ್ಕೆ ಇಳಿದದ್ದು ಇದೇ ಮೊದಲಲ್ಲ

ಮೊಬೈಲ್‌ನಲ್ಲಿ ಹರಿದಾಡುವ ಹರಿಕಥೆಯ ತುಣುಕುಗಳಲ್ಲಿ ಕಥೆ ಹೇಳುವ ದಾಸರ ಮಾತು ಇರುತ್ತದೆ, ನಗಿಸುವ ಉಪಕಥೆ ಇರುತ್ತದೆ. ಎಷ್ಟೋ ಸಲ ಹಾಡು ಮಾತ್ರ ಇರುವುದಿಲ್ಲ. ದಾಸರು "ಗೋಪಿಕಾ ಜೀವನ ಸ್ಮರಣಂ" ಅಂದಾಗ ಜನ "ಗೋವಿಂದಾ ಗೋವಿಂದ" ಅನ್ನುತ್ತಾರಲ್ಲ, ಅದಂತೂ ಎಲ್ಲಕ್ಕಿಂತ ಮೊದಲು ಕತ್ತರಿಗೆ ಸಿಗುತ್ತದೆ. ಇದು ಇವತ್ತಿನ ಅವಸರದಿಂದಷ್ಟೇ ಆದದ್ದಲ್ಲ.

ಹರಿಕಥೆಯ ಈಗಿನ ರೂಪಕ್ಕೆ ಮರಾಠಿ ಕೀರ್ತನದ ಋಣ ದೊಡ್ಡದು. ಸಾಕಿ, ದಿಂಡಿ, ಓವಿಯಂಥ ಮಟ್ಟುಗಳು ಬಂದದ್ದು ಅಲ್ಲಿಂದ. 19ನೇ ಶತಮಾನದಲ್ಲಿ ತಂಜಾವೂರು ಕೃಷ್ಣ ಭಾಗವತರು ಅದನ್ನು ಕರ್ನಾಟಕ ಸಂಗೀತದ ಜೊತೆ ಬೆಸೆದರು. ನಮ್ಮಲ್ಲಿ ಪುರಂದರ, ಕನಕರಂಥ ದಾಸರ ಪದಗಳು ಸೇರಿಕೊಂಡವು. ಕೈಯಲ್ಲಿ ಚಿಟಿಕೆ, ಕಾಲಿಗೆ ಗೆಜ್ಜೆ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ಅಥವಾ ಮೃದಂಗ. ಗಂಟೆಗಟ್ಟಲೆ ಒಬ್ಬರೇ ನಿಂತು ನಡೆಸಬೇಕಾದ ಕಥೆ.

"ಗೋವಿಂದ" ಅನ್ನುವ ಆ ನಾಮಘೋಷ ಇರುವುದು ಭಕ್ತಿಗೆ ಮಾತ್ರ ಅಲ್ಲ. ಜನ ಕೂಗುವ ಹೊತ್ತಿನಲ್ಲಿ ದಾಸರಿಗೆ ಉಸಿರು ಸಿಗುತ್ತದೆ, ಹಾರ್ಮೋನಿಯಂನವರು ಮುಂದಿನ ಹಾಡಿನ ರಾಗಕ್ಕೆ ಬಂದು ನಿಲ್ಲುತ್ತಾರೆ, ತೂಕಡಿಸುತ್ತಿದ್ದವರು ಎದ್ದು ಕೂರುತ್ತಾರೆ. ಮುಖ್ಯವಾಗಿ ಒಂದು ಸನ್ನಿವೇಶ ಮುಗಿಯಿತು, ಇನ್ನೊಂದು ಶುರುವಾಯಿತು ಅನ್ನೋದು ಎಲ್ಲರಿಗೂ ಗೊತ್ತಾಗುತ್ತದೆ. ಪರದೆ ಇಲ್ಲದ ರಂಗದಲ್ಲಿ ಅದೇ ಪರದೆ.

ಗ್ರಾಮಫೋನ್ ಬಂದಾಗ ಮೊದಲ ಪೆಟ್ಟು ಬಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ ಮಾತ್ರ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಬಾನುಲಿ ಕೇಂದ್ರ ಶುರು ಮಾಡಿದರು, ಆಮೇಲೆ ರೇಡಿಯೊ ಮನೆಮನೆಗೂ ಬಂತು. ಅಲ್ಲಿ ಸಮಯ ಜಾಸ್ತಿ ಸಿಕ್ಕಿತು, ಆದರೆ ಸ್ಟುಡಿಯೊದಲ್ಲಿ ಎದುರಿಗೆ ಕೂತು ಕೂಗುವವರು ಎಲ್ಲಿದ್ದಾರೆ? ಹಿಮ್ಮೇಳದವರೇ ದನಿಗೂಡಿಸಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೆ ಅರ್ಧ ಗಂಟೆ ಸಿಕ್ಕಿ ಕಥೆ ಮತ್ತೆ ಉಸಿರಾಡಿತು. ಗುರುರಾಜುಲು ನಾಯ್ಡು ಅವರ ಹರಿಕಥೆಗಳನ್ನು ಜನ ಹಾಡುಗಳ ಸಮೇತ ಬಾಯಿಪಾಠ ಮಾಡಿಕೊಂಡದ್ದು ಹೀಗೆ ಕೇಳಿ ಕೇಳಿಯೇ.

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅರವತ್ತು ಸೆಕೆಂಡಿಗೆ ಹಾಡೂ ಕಥೆಯೂ ಒಟ್ಟಿಗೆ ಹಿಡಿಸುವುದು ಕಷ್ಟ, ಹಾಗಾಗಿ ಮಾತು ಗೆದ್ದಿತು. 2024ರ ಅಕ್ಟೋಬರ್‌ನಲ್ಲಿ ಮಿತಿ ಮೂರು ನಿಮಿಷಕ್ಕೆ ಏರಿತು. ಅಂದರೆ ಹಳೇ ತಟ್ಟೆಯ ಒಂದು ಮಗ್ಗುಲು! ಈಗ ಹಾಡನ್ನು ಬಿಡೋದಕ್ಕೆ ನೆಪವಿಲ್ಲ ಅಂತ ನನಗನ್ನಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಆದಿತಾಳದ ಒಂದು ಆವರ್ತಕ್ಕೆ ಎಂಟು ಏಟು. ನಿಮಿಷಕ್ಕೆ 80 ಏಟಿನ ಕಾಲದಲ್ಲಿ ಹಾಡಿದರೆ ಒಂದು ಆವರ್ತಕ್ಕೆ ಆರು ಸೆಕೆಂಡು, ಮೂರು ನಿಮಿಷಕ್ಕೆ ಮೂವತ್ತು ಆವರ್ತ. ಕುಚೇಲನ ಕಥೆ ಇಟ್ಟುಕೊಳ್ಳಿ. ಘೋಷಕ್ಕೆ ಒಂದು ಆವರ್ತ. ಹೆಂಡತಿ ಅವಲಕ್ಕಿ ಗಂಟು ಕಟ್ಟಿಕೊಡುವ ಮಾತಿಗೆ ನಲವತ್ತು ಸೆಕೆಂಡು. ಅವನು ದಾರಿಯಲ್ಲಿ ನಡೆಯುವುದನ್ನು ಮಾತಿನಲ್ಲಿ ಹೇಳಲೇಬೇಡಿ, ಆರು ಆವರ್ತದ ಹಾಡಿಗೆ ಬಿಡಿ. ಮತ್ತೆ ಘೋಷ, ಅಷ್ಟರಲ್ಲಿ ಅವನು ದ್ವಾರಕೆಯ ಬಾಗಿಲಲ್ಲಿ ನಿಂತಿದ್ದಾನೆ. ಕೃಷ್ಣ ಗಂಟು ಕಿತ್ತುಕೊಳ್ಳುವುದಕ್ಕೆ ಇನ್ನೊಂದು ನಲವತ್ತು ಸೆಕೆಂಡು, ನಾಲ್ಕು ಆವರ್ತ ಹಾಡು, ಕೊನೆಗೆ ಘೋಷ. ಎಲ್ಲ ಸೇರಿ 158 ಸೆಕೆಂಡು. ಹಾಡು ಕಥೆಯನ್ನು ಮುಂದಕ್ಕೆ ಒಯ್ಯಬೇಕು, ಆಗಲೇ ಹೇಳಿದ್ದನ್ನು ಮತ್ತೆ ಹೇಳುವ ಹಾಡಾದರೆ ನೋಡುವವರು ಬೆರಳು ಆಡಿಸಿ ಮುಂದೆ ಹೋಗುತ್ತಾರೆ. ಎಡಿಟ್ ಮಾಡುವಾಗ ಸಮದ ಮೇಲೇ, ಅಂದರೆ ಆವರ್ತದ ಮೊದಲ ಏಟಿನ ಮೇಲೇ ಕತ್ತರಿಸಿ. ಆವರ್ತದ ನಡುವೆ ಕತ್ತರಿಸಿದರೆ ತಾಳ ಗೊತ್ತಿಲ್ಲದವರಿಗೂ ಏನೋ ಎಡವಿದ ಹಾಗೆ ಕೇಳುತ್ತದೆ.

ಕೆಡುವುದು ಸಾಮಾನ್ಯವಾಗಿ ಘೋಷದಲ್ಲಿ. ಫೋನು ಜೋರು ಸದ್ದು ಕೇಳಿದ ಕೂಡಲೇ ದನಿಯ ಮಟ್ಟವನ್ನು ತಾನಾಗೇ ತಗ್ಗಿಸಿಬಿಡುತ್ತದೆ. "ಗೋವಿಂದ" ಆದಮೇಲೆ ದಾಸರ ಮೊದಲ ಒಂದೆರಡು ಮಾತು ದೂರದಿಂದ ಬಂದಂತೆ ಕೇಳಿದರೆ ಇದೇ ಕಾರಣ. ದಾಸರಿಗೆ ಒಂದು ಮೈಕು, ಜನರ ಕಡೆ ಮುಖ ಮಾಡಿದ ಇನ್ನೊಂದು ಫೋನು ಇಡಿ, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಹೊಂದಿಸೋದು ಸುಲಭ. ಗದ್ದಲ ಕಡಿಮೆ ಮಾಡುವ ಸೌಲಭ್ಯ ಇದ್ದರೆ ಆಫ್ ಮಾಡಿ, ಅದು ಹಾರ್ಮೋನಿಯಂ ಶ್ರುತಿಯನ್ನೂ ಗದ್ದಲ ಅಂದುಕೊಂಡು ನುಂಗುತ್ತದೆ.

ಇನ್ನು ನೋಡುವವರ ಪಾಲು. ಅವರು ಒಬ್ಬರೇ ಕೂತಿರುತ್ತಾರೆ. ದಾಸರು ಕೂಗಿದ ಮೇಲೆ ಎರಡು ಏಟಿನಷ್ಟು ಜಾಗ ಬಿಟ್ಟು ಜನರ ದನಿ ಸೇರಿಸಿದರೆ ಅವರೂ ಬಾಯಿಬಿಡುವುದಕ್ಕೆ ಅವಕಾಶವಾಗುತ್ತದೆ. ಆ ಜಾಗದಲ್ಲಿ ತಾಳ, ಶ್ರುತಿ ನಿಲ್ಲಬಾರದು, ಪೂರ್ತಿ ಮೌನವಾದರೆ ವಿಡಿಯೊ ನಿಂತಿತು ಅಂದುಕೊಳ್ಳುತ್ತಾರೆ.

ಉಳಿದದ್ದು ಮಂಗಳ. ಹರಿಕಥೆಯನ್ನು ಮಂಗಳ ಹಾಡದೆ ಮುಗಿಸುವ ಪದ್ಧತಿಯಿಲ್ಲ, ಶಾರ್ಟ್ಸ್ ಆದರೋ ಮುಗಿದ ಕೂಡಲೇ ಮತ್ತೆ ಮೊದಲಿಂದ ಓಡುತ್ತದೆ. ಉಳಿದಿರುವ 22 ಸೆಕೆಂಡಿನಲ್ಲಿ ಎರಡು ಆವರ್ತ ಮಂಗಳಕ್ಕೆ ಕೊಟ್ಟರೂ ಹತ್ತು ಸೆಕೆಂಡು ಕೈಯಲ್ಲಿರುತ್ತದೆ.